ಪಡುಕರೆಯಲ್ಲಿ ಮಾಡಿದ ವಿಡಿಯೊದಲ್ಲಿ ಗಾಳಿಯ ಗುಡುಗುಡು, ಮಾತೇ ಕೇಳಿಸುವುದಿಲ್ಲ

ಪಡುಕರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವ ಕೈರಂಪಣಿ ಬಲೆಯ ಬಗ್ಗೆ ಮಾತಾಡುವುದನ್ನು ಮಲ್ಪೆ ಪಡುಕರೆಯ ದಡದಲ್ಲಿ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದೇನೆ. ಬಲೆ ಎಳೆಯುವುದು ಮಧ್ಯಾಹ್ನದ ಮೇಲೆ. ಆ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಜೋರು. ಚಿತ್ರ ಚೆಂದ ಬರುತ್ತದೆ, ಶಬ್ದ ಮಾತ್ರ ಗುಡುಗುಡು ಅಂತ ಬರುತ್ತದೆ.

ಇನ್ನೊಂದು ವಿಚಿತ್ರ. ಗಾಳಿ ಒಮ್ಮೆ ಬೀಸಿ ನಿಂತ ಮೇಲೂ ಮಾವನ ಮಾತು ಸ್ವಲ್ಪ ಹೊತ್ತು ಸಣ್ಣಗೇ ಕೇಳುತ್ತದೆ. ಆಮೇಲೆ ನಿಧಾನಕ್ಕೆ ಮೊದಲಿನಂತಾಗುತ್ತದೆ. ಫೋನು ಟ್ರೈಪಾಡಿನ ಮೇಲೆ, ಮಾವನಿಂದ ಸುಮಾರು ಆರಡಿ ದೂರ. ಅವರ ಹಿಂದೆ ಕಡಲು ಕಾಣಬೇಕು, ಅದನ್ನು ಬದಲಾಯಿಸಲು ಮನಸ್ಸಿಲ್ಲ. ಫೋನಿಗೆ ಇಯರ್‌ಫೋನ್ ತೂತಿಲ್ಲ, ಟೈಪ್-ಸಿ ಮಾತ್ರ. ಮನೆಯಲ್ಲಿ ಒಂದು ಹಳೆಯ ಫೋನು ಉಂಟು. ಜಾಸ್ತಿ ಖರ್ಚು ಮಾಡಲು ಆಗುವುದಿಲ್ಲ. ಎಂತ ಮಾಡಬಹುದು?

ಕೊಡಿಯಾಲ ಬೈಕರ್

ಇದು ತುಂಬಾ ಸುಲಭ ಮಾರಾಯ್ರೆ. ಫೋನಿನ ಕೆಳಗಿನ ಮೈಕ್ ತೂತಿಗೆ ಟೇಪ್ ಹಚ್ಚಿ. ನಾನು ಪಣಂಬೂರಿನಲ್ಲಿ ಹಾಗೇ ಮಾಡುವುದು. ಉಳಿದದ್ದನ್ನು ಮನೆಗೆ ಬಂದು ಆಡಾಸಿಟಿಯಲ್ಲಿ Noise Reduction ಹಾಕಿದರೆ ಹೋಗುತ್ತದೆ. ಮೈಕ್ ಕೊಳ್ಳುವುದು ಸುಮ್ನೆ ದುಡ್ಡು ದಂಡ.

ಹೊಳೆಬದಿ

ಕಡಲ ವಿಡಿಯೊ ಅಂದ ಮೇಲೆ ಅಲೆಯ ಶಬ್ದ ಇರಬೇಕಲ್ವಾ? ಅದನ್ನು ಪೂರ್ತಿ ತೆಗೆದರೆ ಕೋಣೆಯೊಳಗೆ ಮಾತಾಡಿದ ಹಾಗೆ ಆಗುತ್ತದೆ. ನಾನಾದರೆ ಹಾಗೇ ಬಿಡುತ್ತೇನೆ.

ಪಡುಕರೆ ಹುಡುಗಿ

ಅಲೆಯ ಶಬ್ದ ನನಗೂ ಬೇಕು ಅಣ್ಣ. ತೊಂದರೆ ಇರುವುದು ಅಲೆಯದ್ದಲ್ಲ. ದಡದಲ್ಲಿ ನಿಂತಾಗ ನಮ್ಮ ಕಿವಿಗೆ ಆ ಗುಡುಗುಡು ಕೇಳುವುದೇ ಇಲ್ಲ, ರೆಕಾರ್ಡಿಂಗಿನಲ್ಲಿ ಮಾತ್ರ ಇರುತ್ತದೆ.

ಮೈಕ್ ಭಟ್ರು

ಹೌದು, ಆ ಶಬ್ದ ದಡದಲ್ಲಿ ಇಲ್ಲವೇ ಇಲ್ಲ. ಗಾಳಿ ಫೋನಿನ ಅಂಚಿಗೆ, ಮೈಕಿನ ತೂತಿಗೆ ಬಡಿದು ಸುಳಿಯಾಗುತ್ತದಲ್ಲ, ಆ ಒತ್ತಡವನ್ನೇ ಮೈಕು ಶಬ್ದ ಅಂತ ದಾಖಲಿಸುತ್ತದೆ. ಹಾಗಾಗಿ ಗಾಳಿ ಮೈಕನ್ನು ಮುಟ್ಟದ ಹಾಗೆ ಮಾಡಿದರೆ ಅಲೆಯ ಶಬ್ದ ಹೋಗುವುದಿಲ್ಲ, ಗುಡುಗುಡು ಮಾತ್ರ ಹೋಗುತ್ತದೆ.

ಗಾಳಿ ನಿಂತ ಮೇಲೂ ಮಾತು ಸಣ್ಣಗೆ ಕೇಳುತ್ತದೆ ಅಂದಿರಲ್ಲ, ನಿಮ್ಮ ಪೋಸ್ಟಿನಲ್ಲಿ ಅದೇ ದೊಡ್ಡ ಸುಳಿವು. ಫೋನು ಶಬ್ದದ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಗಾಳಿ ಬಡಿದಾಗ ಭಾರೀ ಶಬ್ದ ಬಂತು ಅಂದುಕೊಂಡು ಎಲ್ಲವನ್ನೂ ತಗ್ಗಿಸುತ್ತದೆ, ಅದರ ಜೊತೆಗೆ ಮಾವನ ಮಾತೂ ತಗ್ಗುತ್ತದೆ. ಮತ್ತೆ ಏರಿಸಲು ಅದಕ್ಕೆ ಸ್ವಲ್ಪ ಸಮಯ ಬೇಕು. ಹೀಗೆ ಏರಿಳಿದ ಮಾತನ್ನು ಆಮೇಲೆ ಕೂತು ಸರಿ ಮಾಡುವುದು ದೊಡ್ಡ ತಲೆನೋವು.

ಆ ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದು ಶಬ್ದದ ಗೆರೆಯನ್ನು ದೊಡ್ಡದು ಮಾಡಿ ನೋಡಿ. ತುದಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದರೆ ಅಲ್ಲಿನ ಮಾತು ಹಾಳಾದದ್ದೇ. ಯಾವ ಫಿಲ್ಟರ್ ಹಾಕಿದರೂ ವಾಪಸು ಬರುವುದಿಲ್ಲ.

ಬೈಕರ್ ಅವರ ಟೇಪಿನ ಮಾತು ಅರ್ಧ ಸರಿ. ಗಾಯಕ್ಕೆ ಹಚ್ಚುವ ಕಾಗದದಂಥ ಟೇಪಿನಲ್ಲಿ ಸಣ್ಣ ರಂಧ್ರಗಳಿವೆ, ಮೆಲ್ಲಗಿನ ಗಾಳಿಗೆ ಅದು ಸ್ವಲ್ಪ ಸಹಾಯ ಮಾಡುತ್ತದೆ. ಪ್ಲಾಸ್ಟಿಕ್ ಟೇಪ್ ಹಚ್ಚಿದರೆ ಮಾತೂ ಮಂಕಾಗುತ್ತದೆ. Noise Reduction ಇರುವುದು ಫ್ಯಾನಿನಂತೆ ಒಂದೇ ಸಮ ಬರುವ ಶಬ್ದಕ್ಕೆ. ಗಾಳಿ ಹಾಗಲ್ಲ, ಕ್ಷಣಕ್ಕೊಂದು ಥರ. ಹಾಕಿ ನೋಡಿ, ಮಾವ ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಮೊದಲು ಒಂದು ಕೆಲಸ ಮಾಡಿ. ಮನೆಯೊಳಗೆ ಹಿಂದಿನ ಕ್ಯಾಮೆರಾದಲ್ಲಿ ವಿಡಿಯೊ ಶುರು ಮಾಡಿ. "ಕೆಳಗೆ" ಅಂತ ಹೇಳಿ ಕೆಳಗಿನ ತೂತನ್ನು ಉಗುರಿನಿಂದ ಮೆಲ್ಲಗೆ ಉಜ್ಜಿ. "ಮೇಲೆ" ಅಂತ ಹೇಳಿ ಮೇಲಿನದು. ಆಮೇಲೆ ಕ್ಯಾಮೆರಾ ಪಕ್ಕದ್ದು. ಪ್ಲೇ ಮಾಡಿದಾಗ ಯಾವುದು ಗರಗರ ಅಂತ ಜೋರಾಗಿ ಕೇಳುತ್ತದೋ ವಿಡಿಯೊಗೆ ಅದೇ ಮೈಕು.

ಪಡುಕರೆ ಹುಡುಗಿ

ಭಟ್ರೆ, ನೋಡಿದೆ. ಕೆಳಗಿನದೂ ಕ್ಯಾಮೆರಾ ಪಕ್ಕದ್ದೂ ಎರಡೂ ಜೋರಾಗಿ ಕೇಳುತ್ತವೆ. ಮೇಲಿನದು ಇಲ್ಲ. ಹಳೆಯ ರೆಕಾರ್ಡಿಂಗಿನಲ್ಲಿ ಗಾಳಿ ಬಂದಲ್ಲೆಲ್ಲ ತುದಿ ಚಪ್ಪಟೆ.

ಮೈಕ್ ಭಟ್ರು

ಹಾಗಾದರೆ ಟೇಪಿನ ಕಥೆ ಮುಗಿಯಿತು. ನಿಮ್ಮ ಕ್ಯಾಮೆರಾ ಕಡಲಿನತ್ತ ಮುಖ ಮಾಡಿದೆ, ಅಂದರೆ ಅದರ ಪಕ್ಕದ ಮೈಕಿಗೆ ಗಾಳಿ ನೇರ ಮುಖಕ್ಕೇ ಹೊಡೆಯುತ್ತದೆ. ಫೋನನ್ನು ಎಷ್ಟು ತಿರುಗಿಸಿದರೂ ಕಡಲು ಕಾಣಬೇಕಾದರೆ ಇದು ತಪ್ಪುವುದಿಲ್ಲ.

ಆದರೆ ಅದೇ ಗಾಳಿ ಮಾವನಿಗೆ ಬೀಸುವುದು ಬೆನ್ನಿಗೆ. ಅವರ ಎದೆಯ ಹತ್ತಿರ ಗಾಳಿ ಬಹಳ ಕಡಿಮೆ. ಅಲ್ಲಿ ಮೈಕು ಇಟ್ಟರೆ ಅವರ ಮೈಯೇ ಗೋಡೆ. ಜೊತೆಗೆ ದೂರದ ಲೆಕ್ಕವೂ ಉಂಟು. ಈಗ ಮೈಕು ಬಾಯಿಂದ ಆರಡಿ, ಅಂದರೆ ಸುಮಾರು 2 ಮೀಟರ್. ಅದನ್ನು ಒಂದು ಗೇಣಿಗೆ, 20 ಸೆಂಟಿಮೀಟರಿಗೆ ತಂದರೆ ಮಾತು ಹೆಚ್ಚುಕಡಿಮೆ 20 ಡೆಸಿಬಲ್ ಜೋರಾಗುತ್ತದೆ. ಗಾಳಿಯ ಗಲಾಟೆ ಅದರ ಜೊತೆ ಏರುವುದಿಲ್ಲ.

ಹಳೆಯ ಫೋನಿಗೆ ಇಯರ್‌ಫೋನ್ ತೂತು ಉಂಟಾ? ಇದ್ದರೆ ವೈರ್ ಇರುವ ಸಾದಾ ಕಾಲರ್ ಮೈಕ್ ಸಾಕು. ಕೊಳ್ಳುವಾಗ ಪಿನ್ ನೋಡಿ. ಮೂರು ಕಪ್ಪು ಗೆರೆ ಇರಬೇಕು. ಎರಡೇ ಇದ್ದರೆ ಅದು ಕ್ಯಾಮೆರಾಕ್ಕೆ ಮಾಡಿದ್ದು, ಫೋನು ಅದನ್ನು ಮೈಕ್ ಅಂತ ಗುರುತಿಸುವುದಿಲ್ಲ. ಹಳೆಯ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವಾಯ್ಸ್ ರೆಕಾರ್ಡರ್ ಶುರು ಮಾಡಿ, ಮಾವನ ಕಿಸೆಯಲ್ಲಿಡಿ. ವಿಡಿಯೊ ಶುರುವಾದ ಮೇಲೆ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ಹೊಡೆಯಲಿ. ಎಡಿಟಿಂಗಿನಲ್ಲಿ ಎರಡೂ ಚಪ್ಪಾಳೆ ಕೂಡಿಸಿ, ವಿಡಿಯೊದ ಶಬ್ದ ತೆಗೆದುಬಿಡಿ. ತುಂಬಾ ಉದ್ದದ ಮಾತಾದರೆ ಕೊನೆಯಲ್ಲೂ ಒಂದು ಚಪ್ಪಾಳೆ ಇರಲಿ. ಎರಡು ಫೋನಿನ ಗಡಿಯಾರ ನಿಧಾನಕ್ಕೆ ಹಿಂದೆಮುಂದೆ ಆಗುತ್ತದೆ.

ಹೊಳೆಬದಿ

ಕಾಲರ್ ಮೈಕಿನ ಜೊತೆ ಬರುವ ಸ್ಪಂಜಿನ ಟೊಪ್ಪಿ ಪಡುಕರೆಯ ಗಾಳಿಗೆ ಸಾಕಾಗುತ್ತದಾ? ನನಗೆ ಕಾಪು ದೀಪಸ್ತಂಭದ ಬಂಡೆಯ ಮೇಲೆ ಸಾಕಾಗಲಿಲ್ಲ.

ಮೈಕ್ ಭಟ್ರು

ಒಂದೇ ಸಾಲುವುದಿಲ್ಲ. ಅದು ಮಾತಾಡುವವರ ಉಸಿರಿಗೆ, ಮಂದ ಗಾಳಿಗೆ. ಅದರ ಮೇಲೆ ತುಪ್ಪಳದ ಚೀಲ ಬೇಕು. ಅಂಗಡಿಯಲ್ಲಿ ಸಿಗುತ್ತದೆ, ದರ್ಜಿಯ ಹತ್ತಿರ ಹೊಲಿಸಲೂಬಹುದು. ಗೊಂಬೆಗೆ ಹಾಕುವ ಉದ್ದ ಕೂದಲಿನ ಬಟ್ಟೆ ತನ್ನಿ, ಆದರೆ ಹಿಂಬದಿಯ ನೇಯ್ಗೆ ತೆಳ್ಳಗಿರಬೇಕು. ಬಟ್ಟೆಯನ್ನು ಬಾಯಿಗೆ ಹಿಡಿದು ಉಸಿರು ಬಿಡಿ. ಸಲೀಸಾಗಿ ದಾಟಿದರೆ ಒಳ್ಳೆಯದು. ತಡೆದರೆ ಅದು ಮಾತನ್ನೂ ತಡೆಯುತ್ತದೆ, ಬೇರೆ ಹುಡುಕಿ.

ಚೀಲವನ್ನು ಬಿಗಿಯಾಗಿ ಹೊಲಿಯಬೇಡಿ, ಎಲ್ಲರೂ ಎಡವುವುದು ಅಲ್ಲೇ. ಕೆಲಸ ಮಾಡುವುದು ಬಟ್ಟೆ ಮಾತ್ರವಲ್ಲ, ಅದರೊಳಗೆ ಅಲುಗಾಡದೆ ನಿಂತ ಗಾಳಿಯೂ. ಮೈಕಿಗೆ ಸ್ಪಂಜು, ಅದರ ಮೇಲೆ ಸಡಿಲವಾಗಿ ನಿಂಬೆಹಣ್ಣಿನ ಗಾತ್ರದ ಚೀಲ. ನೋಡಲು ಸ್ವಲ್ಪ ತಮಾಷೆಯಾಗಿ ಕಾಣುತ್ತದೆ, ಕಾಣಲಿ ಬಿಡಿ.

ಚೆಂಡೆಮದ್ದಳೆ

ಮಧ್ಯೆ ಬಾಯಿ ಹಾಕುತ್ತೇನೆ. ನಾನು ಬಯಲಿನಲ್ಲಿ ಯಕ್ಷಗಾನ ರೆಕಾರ್ಡ್ ಮಾಡುವವ. ಗಾಳಿಯ ಗುಡುಗು ತೆಗೆಯಲು ಯಾರೋ ಹೈಪಾಸ್ ಫಿಲ್ಟರ್ ಹಾಕು ಅಂದರು. ಹಾಕಿದ ಮೇಲೆ ಮದ್ದಳೆಯ ತುಂಬು ನಾದವೇ ಹೋಯಿತು, ಡಬ್ಬ ಬಡಿದ ಹಾಗೆ ಕೇಳುತ್ತದೆ. ಇವರೂ ಅದನ್ನು ಹಾಕಬಾರದು ಅಂತ ನನ್ನ ಅಭಿಪ್ರಾಯ.

ಮೈಕ್ ಭಟ್ರು

ನಿಮ್ಮದು ಬೇರೆ ಕೇಸು. ಗಾಳಿಯ ಶಕ್ತಿ ಹೆಚ್ಚಾಗಿ ಕೆಳಗಿನ ಸ್ವರಗಳಲ್ಲೇ ಇರುತ್ತದೆ, ಮದ್ದಳೆಯ ಗಾಂಭೀರ್ಯವೂ ಅಲ್ಲೇ. ಕತ್ತರಿಸಿದರೆ ಎರಡೂ ಹೋಗುತ್ತವೆ. ನಿಮಗೆ ಫಿಲ್ಟರ್ ಬೇಡ, ದೊಡ್ಡ ತುಪ್ಪಳದ ಕವಚ ಬೇಕು. ಮಾತಿಗಾದರೆ ಗಂಡಸರ ಸ್ವರದಲ್ಲೂ 100 ಹರ್ಟ್ಸ್‌ನ ಕೆಳಗೆ ಅರ್ಥಕ್ಕೆ ಬೇಕಾದದ್ದು ಏನೂ ಇಲ್ಲ.

ಚೆಂಡೆಮದ್ದಳೆ

ಭಾಗವತರ ಸ್ವರವೂ ತೆಳ್ಳಗಾಗಿತ್ತು. ಮಾತಿಗೂ ಏನೂ ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇರಲಿ.

ಪಡುಕರೆ ಹುಡುಗಿ

ಮಾಡಿ ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹಳೆಯ ಫೋನಿಗೆ ತೂತು ಇತ್ತು. ಮೂರು ಗೆರೆಯ ಪಿನ್ನಿನ ಮೈಕ್ ಉಡುಪಿಯಲ್ಲೇ ಸಿಕ್ಕಿತು. ಚೀಲ ನಮ್ಮ ಕೇರಿಯ ದರ್ಜಿ ಹೊಲಿದುಕೊಟ್ಟರು, ಎಂತಕ್ಕೆ ಅಂತ ಕೇಳಿ ಕೇಳಿ ನಕ್ಕರು. ನಿನ್ನೆ ಸಂಜೆ ಗಾಳಿ ಮೊದಲಿನಷ್ಟೇ ಇತ್ತು.

ಮಾವ ಕಡಲಿಗೆ ಬೆನ್ನು ಹಾಕಿ ನಿಂತಿದ್ದಷ್ಟು ಹೊತ್ತು ಮಾತು ಸ್ಪಷ್ಟ, ಹಿಂದೆ ಅಲೆಯ ಶಬ್ದ ಹದವಾಗಿ ಉಂಟು. ಮಾತು ಏರಿಳಿಯುವುದೂ ಹೋಯಿತು. ಆದರೆ ಬಲೆ ತೋರಿಸಲು ಅವರು ಕಡಲಿನತ್ತ ತಿರುಗಿದಾಗಲೆಲ್ಲ ಸ್ವಲ್ಪ ಗುಂಯ್ ಅಂತ ಬರುತ್ತದೆ. ಗೆರೆಯ ತುದಿ ಮಾತ್ರ ಈಗ ಚಪ್ಪಟೆಯಿಲ್ಲ.

ಮೈಕ್ ಭಟ್ರು

ತುದಿ ಚಪ್ಪಟೆಯಿಲ್ಲದಿದ್ದರೆ ಉಳಿದದ್ದನ್ನು ಫಿಲ್ಟರ್ ತೆಗೆಯುತ್ತದೆ. ಆಡಾಸಿಟಿಯಲ್ಲಿ High-Pass Filter ತೆರೆದು 100 ಹರ್ಟ್ಸ್, ಇಳಿಜಾರು 24 ಡೆಸಿಬಲ್ ಇಡಿ. ಕಂಪ್ಯೂಟರಿನಲ್ಲಿ ffmpeg ಇದ್ದರೆ ಒಂದೇ ಸಾಲು:

```
ffmpeg -i mava.m4a -af "highpass=f=100,highpass=f=100" mava2.m4a
```

ಒಂದು ಸಲ ಹಾಕಿದರೆ ಇಳಿಜಾರು ಸಪಾಟು, ಅದಕ್ಕೇ ಎರಡು ಸಲ ಬರೆದದ್ದು. ಸಾಲದಿದ್ದರೆ 120ಕ್ಕೆ ಏರಿಸಿ. ಅದಕ್ಕಿಂತ ಮೇಲೆ ಹೋದರೆ ಚೆಂಡೆಮದ್ದಳೆಯವರು ಹೇಳಿದ ಹಾಗೆ ಸ್ವರ ತೆಳ್ಳಗಾಗುತ್ತಾ ಬರುತ್ತದೆ. ಇಯರ್‌ಫೋನಿನಲ್ಲಿ ಕೇಳಿ ತೀರ್ಮಾನಿಸಿ. ಫೋನಿನ ಸ್ಪೀಕರಿನಲ್ಲಿ ಕೆಳಗಿನ ಸ್ವರ ಹೇಗೂ ಬರುವುದಿಲ್ಲ, ವ್ಯತ್ಯಾಸ ಗೊತ್ತಾಗುವುದಿಲ್ಲ.

ಪಡುಕರೆ ಹುಡುಗಿ

120ರಲ್ಲಿ ಸರಿಯಾಯಿತು ಭಟ್ರೆ, ಉಪಕಾರ ಆಯ್ತು. ಮುಂದಿನ ವಾರ ಅತ್ತೆ ಮೀನು ಒಣಗಿಸುವುದರ ಬಗ್ಗೆ ಮಾತಾಡುತ್ತಾರೆ. ಸೀರೆಗೆ ಮೈಕ್ ಎಲ್ಲಿ ಸಿಕ್ಕಿಸುವುದು?

ಮೈಕ್ ಭಟ್ರು

ಸೆರಗಿಗೆ ಬೇಡ. ಗಾಳಿಗೆ ಸೆರಗು ಹಾರಿ ಚೀಲಕ್ಕೆ ಉಜ್ಜುತ್ತದೆ, ಆ ಪರಪರ ಶಬ್ದಕ್ಕೆ ಫಿಲ್ಟರ್ ಇಲ್ಲ. ಸೆರಗು ಇಲ್ಲದ ಬದಿಯಲ್ಲಿ ರವಿಕೆಯ ಕತ್ತಿನ ಅಂಚಿಗೆ ಸಿಕ್ಕಿಸಿ, ವೈರನ್ನು ಒಳಗಿಂದ ತನ್ನಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಇನ್ನೂ ಒಳ್ಳೆಯದು.

ಕೊಡಿಯಾಲ ಬೈಕರ್

ಸರಿ, ನಾನೂ ಒಂದು ಟೈಪ್-ಸಿ ಕಾಲರ್ ಮೈಕ್ ತಂದೆ. ವಾಯ್ಸ್ ರೆಕಾರ್ಡರಿನಲ್ಲಿ ಬರುತ್ತದೆ, ಫೋನಿನ ಕ್ಯಾಮೆರಾ ಆ್ಯಪ್ ಮಾತ್ರ ಅದನ್ನು ಕಂಡೇ ಇಲ್ಲ ಅನ್ನುವ ಹಾಗೆ ತನ್ನ ಮೈಕಿನಲ್ಲೇ ರೆಕಾರ್ಡ್ ಮಾಡುತ್ತದೆ. ಏನು ಮಾಡುವುದು?

ಮೈಕ್ ಭಟ್ರು

ಸೆಟ್ಟಿಂಗ್ಸಿನಲ್ಲಿ OTG ಅಂತ ಇದ್ದರೆ ಆನ್ ಮಾಡಿ. ಕೆಲವು ಫೋನುಗಳಲ್ಲಿ ಅದು ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ. ಆಗಲೂ ಬಾರದಿದ್ದರೆ Open Camera ಹಾಕಿಕೊಂಡು ಅದರ Audio source ಅನ್ನು External mic ಗೆ ಬದಲಾಯಿಸಿ ನೋಡಿ.

ಕೊಡಿಯಾಲ ಬೈಕರ್

OTG ಆನೇ ಇತ್ತು. Open Camera ದಲ್ಲಿ ಹಿಂದಿನ ಕ್ಯಾಮೆರಾಕ್ಕೆ ಈಗ ಬರುತ್ತಿದೆ, ಸೆಲ್ಫಿಗೆ ತಿರುಗಿಸಿದರೆ ಮತ್ತೆ ಫೋನಿನದೇ ಮೈಕ್. ಯಾರಿಗಾದರೂ ಹೀಗೆ ಆಗಿದೆಯಾ?