‘ಲೈನ್ ಕ್ಲಿಯರ್’ ಅನ್ನು ಕನ್ನಡ ಮಾಡಬೇಕೇ?

ಪ್ರಶ್ನೆ:
ಹಳಿ ರಿಪೇರಿ ಗ್ಯಾಂಗಿನವರಿಗೆ ಕೊಡುವ ಸೂಚನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಸಾಲು ಹೀಗಿದೆ: ‘ಲೈನ್ ಕ್ಲಿಯರ್ ಕೊಟ್ಟಿದೆ ಎಂದು ತಿಳಿದ ಕೂಡಲೇ ಗ್ಯಾಂಗ್ ಲೈನ್ ಕ್ಲಿಯರ್ ಮಾಡಬೇಕು.’ ಕರಡಿನಲ್ಲಿ ಎರಡು ಕಡೆಯೂ ‘ಮಾರ್ಗ ತೆರವು’ ಎಂದು ಹಾಕಿದ್ದಾರೆ. ಏನೋ ಸರಿಯಿಲ್ಲ ಅನ್ನಿಸುತ್ತಿದೆ.

ಉತ್ತರ 1:
ಸರಿಯಾಗೇ ಇದೆಯಲ್ಲ? ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಒಂದೇ ಪದ ಇರಬೇಕು. ಇಲ್ಲದಿದ್ದರೆ ಓದುವವರಿಗೆ ಗೊಂದಲ. ನನ್ನ ಮತ ‘ಹಳಿ ತೆರವು’. ಸುಮ್ನೆ ಇಂಗ್ಲಿಷ್ ಯಾಕೆ ಉಳಿಸಬೇಕು?

ಉತ್ತರ 2:
ಒಂದು ಪದಕ್ಕೆ ಒಂದೇ ಪದ ಅನ್ನುವುದು ಫಿಶ್‌ಪ್ಲೇಟ್, ಸ್ಲೀಪರ್‌ನಂಥ ಹಳಿಯ ಬಿಡಿಭಾಗಗಳ ಹೆಸರಿಗೆ ಸರಿ ಸಾರ್. ಇಲ್ಲಿ ಅದನ್ನೇ ಹಿಡಿದರೆ ಜನ ಸಾಯುತ್ತಾರೆ. ಹಳಿ ಕೆಲಸದಲ್ಲೇ ಕೂದಲು ನರೆತವನು, ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಲೈನ್ ಕ್ಲಿಯರ್ ಕೊಡುವುದು ಮುಂದಿನ ಸ್ಟೇಷನ್. ‘ನಿಮ್ಮ ರೈಲನ್ನು ತೆಗೆದುಕೊಳ್ಳಲು ನಾವು ತಯಾರು’ ಎಂದು ಹಿಂದಿನ ಸ್ಟೇಷನ್ನಿಗೆ ಹೇಳಿದ ಹಾಗೆ. ಅಂದರೆ ಇನ್ನು ರೈಲು ಹೊರಡುತ್ತದೆ. ಗ್ಯಾಂಗಿನವನಿಗೆ ‘ಮಾರ್ಗ ತೆರವಾಗಿದೆ’ ಎಂದು ಹೇಳಿ ನೋಡಿ. ಲೈನ್ ಖಾಲಿ, ರೈಲಿಲ್ಲ ಅಂದುಕೊಂಡು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುತ್ತಾನೆ. ಅರ್ಥ ಪೂರ್ತಿ ತಿರುಗುಮುರುಗು.

‘ಬ್ಲಾಕ್ ತೆಗೆದುಕೊಂಡಿರುತ್ತಾರಲ್ಲ, ಆಗ ರೈಲೇ ಬರುವುದಿಲ್ಲ’ ಎಂದು ಯಾರಾದರೂ ಕೇಳಬಹುದು. ಹಳಿ ಬದಲಿಸುವಂಥ ಕೆಲಸಕ್ಕೆ ಹೌದು. ಆದರೆ ಬೋಲ್ಟ್ ಬಿಗಿ ಮಾಡುವಂಥ ಸಣ್ಣ ಕೆಲಸ ಎರಡು ರೈಲುಗಳ ನಡುವೆ, ಒಬ್ಬನನ್ನು ಕಾವಲಿಗೆ ನಿಲ್ಲಿಸಿ ನಡೆಯುವುದೂ ಉಂಟು. ಅಪಾಯ ಅಲ್ಲಿದೆ.

ನಾನಾದರೆ ಹೀಗೆ ಬರೆಯುತ್ತೇನೆ: ‘ಲೈನ್ ಕ್ಲಿಯರ್ ಕೊಟ್ಟಿದ್ದಾರೆ ಎಂದರೆ ರೈಲು ಬರುತ್ತದೆ. ಸಾಮಾನು ತೆಗೆಯಿರಿ. ಎಲ್ಲರೂ ಹಳಿ ಬಿಟ್ಟು ಪಕ್ಕಕ್ಕೆ ಬನ್ನಿ.’ ಮೊದಲನೆಯದು ಸ್ಟೇಷನ್ನಿನವರು ದಿನವೂ ಆಡುವ ಪದ, ಹಾಗೇ ಇರಲಿ. ಎರಡನೆಯದನ್ನು ಬಿಡಿಸಿ ಹೇಳಿ. ಒಂದು ವಾಕ್ಯ ಮೂರಾಯಿತು, ಆಗಲಿ ಬಿಡಿ.

ಉತ್ತರ 3:
ನನ್ನದು ರೈಲಲ್ಲ, ಕ್ರೇನ್. ‘ಎತ್ತಬಹುದು’, ‘ಎತ್ತಬಾರದು’ ಎರಡೂ ವಾಕಿಟಾಕಿಯಲ್ಲಿ ಒಂದೇ ಥರ ಕೇಳುತ್ತಿದ್ದವು. ನಡುವಿನ ಒಂದಕ್ಷರ ನುಂಗಿಹೋದರೆ ಮುಗಿಯಿತು. ಕೊನೆಗೆ ‘ಬಾರದು’ ಕೈಬಿಟ್ಟು, ‘ನಿಲ್ಲಿಸಿ’ಯಿಂದಲೇ ಮಾತು ಶುರು ಮಾಡುವ ಹಾಗೆ ಮಾಡಿದೆವು. ನಿಮಗೂ ಬೇಕಾಗಬಹುದು.

ಉತ್ತರ 2:
ಬೇಕೇ ಬೇಕು. ಕನ್ನಡದಲ್ಲಿ ಬೇಡ ಅನ್ನುವುದು ವಾಕ್ಯದ ಬಾಲದಲ್ಲಿ ಬರುತ್ತದೆ. ಬಾಲ ಕತ್ತರಿಸಿದರೆ ಅನುಮತಿಯ ಹಾಗೇ ಕೇಳುತ್ತದೆ. ಜೊತೆಗೆ, ಸೂಚನೆ ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಲೇಬೇಕು.

ಪ್ರಶ್ನೆ ಕೇಳಿದವರು:
ಲೈನ್ ಕ್ಲಿಯರ್ ಹಾಗೇ ಇಡುತ್ತೇನೆ. ಇನ್ನೊಂದು ತೊಡಕು: ‘ರೈಲು ಬರಬಹುದು’ ಸಾಧ್ಯತೆ, ‘ಕೆಲಸ ಶುರು ಮಾಡಬಹುದು’ ಅನುಮತಿ. ಒಂದೇ ಪುಟದಲ್ಲಿ ಎರಡೂ ಇವೆ. ಅನುಮತಿಗೆ ‘ಅಪ್ಪಣೆ ಇದೆ’ ಅಂದರೆ ಹೇಗೆ?

ಉತ್ತರ 1:
ಅಪ್ಪಣೆ ಯಾರು ಕೊಟ್ಟರು ಎಂದು ಕೇಳುತ್ತಾರೆ, ಅಲ್ವಾ?

ಉತ್ತರ 2:
ಕೇಳಲಿ. ಅದನ್ನೂ ಬರೆಯಿರಿ.