ಹಂಚಿದ ಕೆಲಸ, ತಿದ್ದುವ ಗಂಟೆ

"ಶಿವಮೊಗ್ಗದಲ್ಲಿ ಕೂತು ಒಬ್ಬಳೇ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುತ್ತೇನೆ. ಪದಕ್ಕೆ 2 ರೂಪಾಯಿ. ಈಗ ಕೆಲಸ ಕೈ ಮೀರುತ್ತಿದೆ. ಇಬ್ಬರಿಗೆ ಹಂಚಿದರೆ ಏನಾದರೂ ಉಳಿಯುತ್ತಾ? ಹಂಚಿ ನೋಡಿದವರು ಹೇಳಿ."

ಸಾಗರದ ಅನುವಾದಕಿ: ಉಳಿಯುವುದೆಲ್ಲ ತಿದ್ದುವ ಗಂಟೆಯ ಮೇಲೆ ನಿಂತಿದೆ. ಪಂಪ್‌ಸೆಟ್ ಕೈಪಿಡಿ, 10,000 ಪದ. ಬಿಲ್ 20,000. ಒಬ್ಬನಿಗೆ ಹಂಚಿ ಪದಕ್ಕೆ 1.20ರಂತೆ 12,000 ಕೊಟ್ಟೆ. ಎಂಟು ಸಾವಿರ ಸುಮ್ನೆ ಬಂತು ಅನಿಸುತ್ತೆ ಅಲ್ವಾ? ಕೈ ಪಳಗಿದವರ ಅನುವಾದವಾದರೆ ಗಂಟೆಗೆ ಸಾವಿರ ಪದ ತಿದ್ದಿ ಮುಗಿಸುತ್ತೇನೆ. ಇದು 300 ದಾಟಲಿಲ್ಲ. ಲೆಕ್ಕ ಹಾಕಿದರೆ ಗಂಟೆಗೆ 240 ರೂಪಾಯಿ. ನಾನೇ ಅನುವಾದಿಸಿದ್ದರೆ 600 ಬರುತ್ತಿತ್ತು.

ಪುಣ್ಯಾತ್ಮ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಯೂನಿಕೋಡ್‌ಗೆ ಬದಲಿಸಿದ್ದ. ಅನುಸ್ವಾರ ಇರಬೇಕಾದಲ್ಲೆಲ್ಲ ಕನ್ನಡದ ಸೊನ್ನೆ. ಕಣ್ಣಿಗೆ ಎರಡೂ ಒಂದೇ. "ಪಂಪ್" ಅಂತ ಹುಡುಕಿದರೆ ಫೈಲಿನಲ್ಲಿ ಒಂದೂ ಸಿಗಲಿಲ್ಲ! ಈಗ ಫೈಲ್ ಬಂದ ತಕ್ಷಣ ೦ ಹುಡುಕುತ್ತೇನೆ. ಮೊದಲ 500 ಪದ ನೋಡಿ ಒಪ್ಪದೆ ಉಳಿದದ್ದು ಕೊಡುವುದಿಲ್ಲ.

ತೀರ್ಥಹಳ್ಳಿಯ ಆಲ್ಬಂ ಡಿಸೈನರ್: ಹಂಚಲೇಬೇಡಿ ಮಾರಾಯ್ರೇ. ನನ್ನದು ಮದುವೆ ಆಲ್ಬಂ. ಮೇ ತಿಂಗಳ ಗಡಿಬಿಡಿಗೆ ಒಬ್ಬನಿಗೆ ಕೊಟ್ಟೆ. ಮದುಮಗಳ ಮುಖವನ್ನು ಸರಿಯಾಗಿ ಹಾಳೆಯ ನಡು ಮಡಿಕೆಗೆ ತಂದು ಕೂರಿಸಿದ. ಸ್ಕ್ರೀನ್ ಮೇಲೆ ಚೆಂದ. ಪ್ರಿಂಟಾಗಿ ಬಂದಾಗ ಮೂಗು ಎರಡು ಭಾಗ. ಲ್ಯಾಬಿನವರು ಫೈಲ್ ನಿಮ್ಮದೇ ಅಂದರು, ಅವನು ಫೋನ್ ಎತ್ತಲಿಲ್ಲ, ಮರುಪ್ರಿಂಟಿನ ದುಡ್ಡು ನನ್ನ ತಲೆಗೆ. ಈಗ ಒಬ್ಬನೇ, ಆರಾಮ.

ಭದ್ರಾವತಿಯಿಂದ: ಕೊಡುವ ಹಣದಲ್ಲಿ 10% ಟಿಡಿಎಸ್ ಹಿಡಿಯಲೇಬೇಕು, ಮರೀಬೇಡಿ. ಜಿಎಸ್‌ಟಿಗೆ 20 ಲಕ್ಷದ ಮಿತಿ. ಅದೂ ನಿಮ್ಮ ಪಾಲಿಗೆ ಉಳಿದದ್ದು ಮಾತ್ರ ಲೆಕ್ಕ.

ದುರ್ಗಿಗುಡಿಯ ತೆರಿಗೆ ಸಲಹೆಗಾರ: 20 ಲಕ್ಷ ಸರಿ, ಉಳಿದದ್ದು ತಪ್ಪು. ವೃತ್ತಿಯಲ್ಲಿರುವ ಒಬ್ಬ ವ್ಯಕ್ತಿಯ ಹಿಂದಿನ ವರ್ಷದ ಒಟ್ಟು ವಹಿವಾಟು 50 ಲಕ್ಷ ದಾಟಿರದಿದ್ದರೆ ಇಂಥ ಪಾವತಿಗೆ ಟಿಡಿಎಸ್ ಹಿಡಿಯಬೇಕಿಲ್ಲ. ಜಿಎಸ್‌ಟಿ ಮಿತಿಗೆ ಪೂರ್ತಿ ಬಿಲ್ ಲೆಕ್ಕ. ಹನ್ನೆರಡು ಸಾವಿರ ಬೇರೆಯವರಿಗೆ ಹೋದರೂ ನಿಮ್ಮ ವಹಿವಾಟು 20,000ವೇ. ಹಂಚತೊಡಗಿದವರು ಮಿತಿ ಬೇಗ ದಾಟುವುದು ಹೀಗೆ.

ಭದ್ರಾವತಿಯಿಂದ: ನನ್ನ ಭಾವನಿಗೆ ಅವನ ಆಡಿಟರೇ ಹೇಳಿದ್ದು. ನಿಮಗೆ ಅವರಿಗಿಂತ ಜಾಸ್ತಿ ಗೊತ್ತೇನು?

ದುರ್ಗಿಗುಡಿಯ ತೆರಿಗೆ ಸಲಹೆಗಾರ: ಭಾವನ ವಹಿವಾಟು ಎಷ್ಟು ಅಂತ ಕೇಳಿ, ಆಮೇಲೆ ಮಾತಾಡೋಣ.

ಹೊಸನಗರದ ಹುಡುಗ: ಸಾಗರದ ಅಕ್ಕನಿಗೆ ಒಂದು ಮಾತು. ನಾನು ಆ ಕಡೆ ಕೂತು 1.20ಕ್ಕೆ ದುಡಿಯುವವನು. ಮಳೆಗೆ ಕರೆಂಟ್ ಹೋದರೆ ಡಾಂಗಲ್ ಹಿಡಿದು ಗುಡ್ಡ ಹತ್ತುತ್ತೇನೆ. ಪದಪಟ್ಟಿ ಕೊಡುವುದಿಲ್ಲ, "ವಾಲ್ವ್" ಅನ್ನಬೇಕೋ "ಕವಾಟ" ಅನ್ನಬೇಕೋ ಹೇಳುವುದಿಲ್ಲ. ಆಮೇಲೆ ಹಾಳೆ ತುಂಬ ಕೆಂಪು!

ಸಾಗರದ ಅನುವಾದಕಿ: ಪದಪಟ್ಟಿ ಕೊಟ್ಟಿದ್ದೆ ತಮ್ಮಾ, ತೆರೆದೇ ನೋಡಿರಲಿಲ್ಲ. ಕ್ಲೈಂಟ್ ಎರಡು ತಿಂಗಳು ಸತಾಯಿಸಿದರೂ ನಾನು ವಾರದೊಳಗೆ ದುಡ್ಡು ಹಾಕಿದೆ. ಆ ಬಡ್ಡಿ ಯಾರ ಲೆಕ್ಕಕ್ಕೆ?

ಹೊಸನಗರದ ಹುಡುಗ: ಹಾಗಾದರೆ ನೀವು ಬೇರೆ ಅಕ್ಕ. ನನ್ನ ಅಕ್ಕ ದೀಪಾವಳಿಯ ಬಿಲ್ ಇನ್ನೂ ಕೊಟ್ಟಿಲ್ಲ.