ಸಹಾಯ ಬೇಕು: ಅಶ್ವಗಂಧ ಡಬ್ಬಿಯ 10:1 ಮತ್ತು 5%, ಯಾವುದನ್ನು ನಂಬಬೇಕು?

ಹುಬ್ಬಳ್ಳಿಯಲ್ಲಿ ತಾಯಿಯವರಿಗಾಗಿ ನೋಡಿದ ಎರಡು ಅಶ್ವಗಂಧ ಡಬ್ಬಿಗಳಲ್ಲಿ ಒಂದರ ಮೇಲೆ ‘ಸಾರ 10:1, 500 ಮಿ.ಗ್ರಾಂ’ ಎಂದೂ, ಇನ್ನೊಂದರ ಮೇಲೆ ‘ಬೇರಿನ ಸಾರ 300 ಮಿ.ಗ್ರಾಂ, ವಿಥನೊಲೈಡ್ 5%’ ಎಂದೂ ಇದೆ. ವಿಥನೊಲೈಡ್ ಎಂದರೆ ಅಶ್ವಗಂಧದ ಮುಖ್ಯ ಸಕ್ರಿಯ ಅಂಶ; ಎರಡನೆಯದರಲ್ಲಿ ಕ್ಯಾಪ್ಸೂಲಿಗೆ ಅದು 15 ಮಿ.ಗ್ರಾಂ ಎಂಬ ಲೆಕ್ಕ ಸಿಗುತ್ತದೆ. ಮೊದಲನೆಯದು ಹತ್ತು ಕೆ.ಜಿ. ಬೇರಿನಿಂದ ಒಂದು ಕೆ.ಜಿ. ಸಾರ ಬಂತೆಂದಷ್ಟೇ ಹೇಳುತ್ತದೆ. ಬೇರು ಎಂಥದ್ದು, ಸಾರವನ್ನು ನೀರಿನಲ್ಲಿ ತೆಗೆದರೋ ಆಲ್ಕೋಹಾಲಿನಲ್ಲೋ ಎಂಬುದರ ಮೇಲೆ ವಿಥನೊಲೈಡ್ ಬದಲಾಗುವುದರಿಂದ, ಆ ಅನುಪಾತವೊಂದನ್ನೇ ನೆಚ್ಚಲು ನನಗೆ ಮನಸ್ಸಿಲ್ಲ. ಹಾಗೆಂದು ಶೇಕಡಾವಾರು ಅಂಕಿಯೂ ಪೂರ್ಣ ಭರವಸೆಯಲ್ಲ: ತೂಕದ ವಿಧಾನದಲ್ಲಿ ಅಳೆದರೆ ಅದು ಒಂದೊಂದು ಅಂಶವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನದ ಅಳತೆಗಿಂತ ಹೆಚ್ಚು ಬರಬಹುದು, ಬೇರಿಗೆ ಎಲೆ ಬೆರೆಸಿದರೂ ಏರಬಹುದು. ಔಷಧ ಪರೀಕ್ಷಾಲಯದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು: ಆ ಬ್ಯಾಚಿನ ಪರೀಕ್ಷಾ ವರದಿಯಲ್ಲಿ ಅಳತೆಯ ವಿಧಾನವನ್ನೂ, ಎಲೆಯಲ್ಲಿ ಹೆಚ್ಚಿರುವ ವಿಥಫೆರಿನ್ ಎ ಪ್ರಮಾಣವನ್ನೂ ನೋಡಿದರೆ ಸಾಕೇ, ಇನ್ನೇನಾದರೂ ಕೇಳಬೇಕೇ?